ಫೋನಿನಲ್ಲಿ ಪಳಪಳ, ಟಿವಿಯಲ್ಲಿ ಮಸಕು: ಸೀಮಂತದ ಫೋಟೊಗಳಿಗೆ ಏನಾಯ್ತು?

ಬೆಣ್ಣೆದೋಸೆ_ಅಕ್ಕ
ಎಲ್ಲರಿಗೂ ನಮಸ್ಕಾರ. ಹೋದ ವಾರ ದಾವಣಗೆರೆಯಲ್ಲಿ ನನ್ನ ತಂಗಿಯ ಸೀಮಂತ ಆಯಿತು. ಫೋಟೊ ತೆಗೆದದ್ದು ಅವಳ ಗಂಡ, ಅವರ ಫೋನಿನಲ್ಲೇ. ಫ್ಯಾಮಿಲಿ ಗ್ರೂಪಿಗೆ ಹಾಕಿದರು. ನನ್ನ ಫೋನಿನಲ್ಲಿ ನೋಡಿದರೆ ಒಂದೊಂದೂ ಕ್ಯಾಲೆಂಡರಿಗೆ ಹಾಕಬಹುದು, ಅಷ್ಟು ಚೆನ್ನಾಗಿವೆ.

ನಿನ್ನೆ ದೊಡ್ಡಪ್ಪನ ಮನೆಯವರು ಬಂದಿದ್ದರು. ಅಪ್ಪ ಖುಷಿಯಲ್ಲಿ "ಹೊಸ ಟಿವಿಗೆ ಹಾಕಮ್ಮ" ಎಂದರು. 55 ಇಂಚಿನ 4ಕೆ ಟಿವಿ, ತಂದು ಇನ್ನೂ ಎರಡು ತಿಂಗಳಾಗಿಲ್ಲ. ಫೋನಿನಿಂದ ಹಾಕಿದೆ ನೋಡಿ, ಎಲ್ಲ ಮಸಕು ಮಸಕು. ತಂಗಿ ಮುಡಿದಿದ್ದ ಮಲ್ಲಿಗೆ ದಂಡೆ ಹತ್ತಿ ಸುತ್ತಿದ ಹಾಗೆ ಕಾಣುತ್ತಿತ್ತು. ಸೀರೆಯ ಜರಿ ಅಂಚು ಬರೀ ಹಳದಿ ಪಟ್ಟಿ. ದೊಡ್ಡಪ್ಪ "ನಿಮಗೆ ಅಂಗಡಿಯವನು ಟೋಪಿ ಹಾಕಿದ್ದಾನೆ" ಎಂದುಬಿಟ್ಟರು. ಅಪ್ಪನ ಮುಖ ನೋಡಬೇಕಿತ್ತು.

ಟಿವಿ ಕೆಟ್ಟದ್ದಾ, ಫೋಟೊ ಕೆಟ್ಟದ್ದಾ? ಅದೇ ಟಿವಿಯಲ್ಲಿ ಸಿನಿಮಾ ಚೆನ್ನಾಗೇ ಬರುತ್ತದೆ.

ಸುಮ್ನೆ_ಬಂದೆ
ದೊಡ್ಡಪ್ಪಂದಿರ ಕೆಲಸವೇ ಅದು. ನೀವು ಏನೇ ತಂದರೂ ಟೋಪಿ.

ಪೇಡೆ_ಪ್ರಿಯ
ಇದು ತುಂಬಾ ಸಿಂಪಲ್ ಅಕ್ಕ. ಫೋನಿನ ತೆರೆಯಲ್ಲಿ ಒಂದು ಇಂಚಿಗೆ ಸುಮಾರು 400 ಚುಕ್ಕಿ ಇರುತ್ತವೆ. ನಿಮ್ಮ 55 ಇಂಚಿನ 4ಕೆ ಟಿವಿಯಲ್ಲಿ ಇಂಚಿಗೆ 80 ಅಷ್ಟೇ. ಐದು ಪಟ್ಟು ಒರಟು. ಹಾಗಾಗಿ ಯಾವ ಫೋಟೊ ಹಾಕಿದರೂ ಟಿವಿಯಲ್ಲಿ ಮಸಕೇ. 8ಕೆ ಬಂದರೆ ಸರಿ ಹೋಗಬಹುದು. ಈಗ ಏನೂ ಮಾಡೋಕಾಗಲ್ಲ.

ಅರ್ಧ_ಸಕ್ಕರೆ
ಕೇಬಲ್ ಕನೆಕ್ಷನ್ ಎಚ್‌ಡಿ ಪ್ಯಾಕ್ ಹಾಕಿಸಿದ್ದೀರಾ? ನಮ್ಮ ಮನೆಯಲ್ಲೂ ಹೀಗೇ ಮಸಕು ಬರುತ್ತಿತ್ತು. ಪ್ಯಾಕ್ ಬದಲಿಸಿದ ಮೇಲೆ ಸರಿ ಆಯಿತು.

ಬೆಣ್ಣೆದೋಸೆ_ಅಕ್ಕ
@ಅರ್ಧ_ಸಕ್ಕರೆ ಸರ್, ನಾನು ಕೇಳುತ್ತಿರುವುದು ಫೋಟೊ ವಿಷಯ, ಚಾನೆಲ್ ಅಲ್ಲ 🙂

ಪ್ಯಾನೆಲ್_ರಿಪೇರಿ
ಹದಿನೆಂಟು ವರ್ಷದಿಂದ ಟಿವಿ ಬಿಚ್ಚಿ ಜೋಡಿಸುವ ಕೆಲಸ ನನ್ನದು. ಪೇಡೆಯವರೇ, ನಿಮ್ಮ 400 ಮತ್ತು 80 ಎರಡೂ ಸರಿ. ಆದರೆ ಅದರಿಂದ ನೀವು ತಲುಪಿದ ತೀರ್ಮಾನ ತಪ್ಪು. ಫೋನನ್ನು ಒಂದಡಿ ದೂರದಲ್ಲಿ ಹಿಡಿದು ನೋಡುತ್ತೀರಿ. ಟಿವಿಯನ್ನು ಸೋಫಾದಿಂದ, ಅಂದರೆ ಎಂಟು ಅಡಿ ದೂರದಿಂದ. ಎಂಟು ಪಟ್ಟು ದೂರ ಹೋದರೆ ಚುಕ್ಕಿ ಕಣ್ಣಿಗೆ ಎಂಟು ಪಟ್ಟು ಸಣ್ಣದಾಗಿ ಕಾಣುತ್ತದೆ. ಅಂದರೆ ಟಿವಿಯ 80 ಚುಕ್ಕಿ ನಿಮ್ಮ ಕಣ್ಣಿಗೆ 640 ಇದ್ದ ಹಾಗೆ. ಫೋನಿನ 400ಕ್ಕಿಂತ ನಯ! ಟಿವಿ ಒರಟು ಎನ್ನುವುದು ಮೂಗು ತಾಗಿಸಿ ನೋಡುವವರಿಗೆ ಮಾತ್ರ.

ಅಕ್ಕ, ಮೂರು ವಿಷಯ ಹೇಳಿ, ಆಮೇಲೆ ಮಾತಾಡೋಣ. ಒಂದು, ಗ್ರೂಪಿನಲ್ಲಿ ಬಂದ ಫೋಟೊದ ವಿವರ ತೆರೆದು ಅದರ ಅಳತೆ ಮತ್ತು ಸೈಜ್ ನೋಡಿ. ಎರಡು, ಭಾವನ ಫೋನಿನಲ್ಲಿರುವ ಅದೇ ಫೋಟೊದ ವಿವರ ಕೇಳಿ. ಮೂರು, ಟಿವಿಗೆ ಹೇಗೆ ಹಾಕಿದಿರಿ? ಫೋಟೊದ ನಾಲ್ಕೂ ಕಡೆ ಕಪ್ಪು ಪಟ್ಟಿ ಇತ್ತಾ, ಎಡ ಬಲ ಮಾತ್ರ ಇತ್ತಾ?

ಪೇಡೆ_ಪ್ರಿಯ
ದೂರದ ಲೆಕ್ಕ ಬಿಟ್ಟಿದ್ದೆ, ಒಪ್ಪಿದೆ. ಆದರೆ ಟಿವಿಯಲ್ಲಿ ಫೋಟೊ ದೊಡ್ಡದಾಗಿ ಕಾಣುವುದು ಸುಳ್ಳಲ್ಲವಲ್ಲ?

ಪ್ಯಾನೆಲ್_ರಿಪೇರಿ
ಸುಳ್ಳಲ್ಲ. ಆದರೆ ನೀವು ಅಂದುಕೊಂಡಷ್ಟು ದೊಡ್ಡದಲ್ಲ. 55 ಇಂಚಿನ ಟಿವಿಯಲ್ಲಿ ಮಾಮೂಲಿ ಫೋನ್ ಫೋಟೊ ಪೂರ್ತಿ ಎತ್ತರಕ್ಕೆ ನಿಂತರೆ ಅದರ ಅಗಲ 36 ಇಂಚು. ಎಂಟು ಅಡಿಯಿಂದ ನೋಡುವ ಕಣ್ಣಿಗೆ ಅದು ಒಂದಡಿ ದೂರದಲ್ಲಿರುವ ನಾಲ್ಕೂವರೆ ಇಂಚಿಗೆ ಸಮ. ಫೋನನ್ನು ನೆಟ್ಟಗೆ ಹಿಡಿದರೆ ಅದೇ ಫೋಟೊ ಎರಡೂಮುಕ್ಕಾಲು ಇಂಚು ಅಗಲ. ಅಂದರೆ ಒಂದೂಮುಕ್ಕಾಲು ಪಟ್ಟಿಗಿಂತಲೂ ಸ್ವಲ್ಪ ಕಡಿಮೆ. ಅಷ್ಟಕ್ಕೇ ಮಲ್ಲಿಗೆ ಹತ್ತಿ ಆಗುವುದಿಲ್ಲ. ಅದಕ್ಕೇ ಫೈಲಿನ ವಿವರ ಕೇಳಿದೆ.

ಮೈಸೂರ್_ಮಂಜ
ನಮ್ಮೂರ ಸರ್ಕಲ್ಲಿನಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ಹಾಕುತ್ತಾರಲ್ಲ, ಹತ್ತು ಅಡಿ ಅಗಲ. ಅದಕ್ಕೆ ಕೊಡುವುದು ಫೋನಿನಲ್ಲಿ ಬಂದ ಫೋಟೊವನ್ನೇ. ರಸ್ತೆಯಿಂದ ನೋಡಿದರೆ ಸೂಪರ್. ಹತ್ತಿರ ಹೋದರೆ ನಾಯಕರ ಮೂಗೆಲ್ಲಿ, ಮೀಸೆ ಎಲ್ಲಿ ಗೊತ್ತಾಗಲ್ಲ 😂 ಹಾಗಾದರೆ ನಿಮ್ಮ ಟಿವಿಯನ್ನು ಎದುರು ಮನೆಯಿಂದ ನೋಡಿ.

ಸುಮ್ನೆ_ಬಂದೆ
ಫ್ಲೆಕ್ಸ್ ಹತ್ತಿರ ಹೋಗಿ ನೋಡೋರು ಯಾರಪ್ಪ, ಅದರಲ್ಲಿ ಫೋಟೊ ಇರೋರನ್ನ ಬಿಟ್ಟು.

ಬೆಣ್ಣೆದೋಸೆ_ಅಕ್ಕ
@ಪ್ಯಾನೆಲ್_ರಿಪೇರಿ ಅಣ್ಣ, ಎಲ್ಲ ನೋಡಿದೆ. ಗ್ರೂಪಿನಲ್ಲಿ ಬಂದ ಫೋಟೊ 1600 x 1200, ಸೈಜ್ 190 ಕೆಬಿ. ಭಾವನ ಫೋನಿನಲ್ಲಿ ಅದೇ ಫೋಟೊ 4000 x 3000, ಸೈಜ್ 3.8 ಎಂಬಿ. ಇಷ್ಟು ವ್ಯತ್ಯಾಸ ಇದೆ ಎಂದು ಗೊತ್ತೇ ಇರಲಿಲ್ಲ!

ಟಿವಿಗೆ ಹಾಕಿದ್ದು ಸ್ಕ್ರೀನ್ ಮಿರರ್ ಮಾಡಿ. ಫೋನಿನಲ್ಲಿ ಏನು ಕಾಣುತ್ತದೋ ಅದೇ ಟಿವಿಯಲ್ಲಿ ಬರುತ್ತದಲ್ಲ, ಅದು. ಮೊದಲು ಸಣ್ಣದಾಗಿ ನಡುವೆ ಬಂತು. ಆಮೇಲೆ ಫೋನನ್ನು ಅಡ್ಡ ತಿರುಗಿಸಿದೆ, ದೊಡ್ಡದಾಯಿತು. ಆದರೂ ನಾಲ್ಕೂ ಕಡೆ ಕಪ್ಪು ಪಟ್ಟಿ ಇತ್ತು. ಅದು ಹಾಗೇ ಬರುತ್ತದೆ ಅಂದುಕೊಂಡಿದ್ದೆ.

ಪ್ಯಾನೆಲ್_ರಿಪೇರಿ
ಸಿಕ್ಕಿತು ನೋಡಿ. ನಿಮ್ಮ ಫೋಟೊ ಟಿವಿ ತಲುಪುವ ಮೊದಲು ಎರಡು ಸಲ ಪೆಟ್ಟು ತಿಂದಿದೆ.

ಮೊದಲ ಪೆಟ್ಟು ಗ್ರೂಪಿನಲ್ಲಿ. ಡಾಟಾ ಉಳಿಸಲು ಮೆಸೇಜ್ ಆ್ಯಪ್ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ. ಚುಕ್ಕಿಗಳ ಲೆಕ್ಕದಲ್ಲಿ ಆರರಲ್ಲಿ ಒಂದು ಪಾಲು ಉಳಿಯಿತು. ಫೈಲ್ ಸೈಜ್ ಮಾತ್ರ ಇಪ್ಪತ್ತರಲ್ಲಿ ಒಂದು ಪಾಲಾಯಿತು. ಈ ಎರಡನ್ನೂ ಜೊತೆಗಿಟ್ಟು ನೋಡಿ. ಉಳಿದ ಚುಕ್ಕಿಗಳಿಗೂ ಮೊದಲಿನಷ್ಟು ವಿವರ ಸಿಕ್ಕಿಲ್ಲ, ಮೂರರಲ್ಲಿ ಒಂದು ಪಾಲು ಸಿಕ್ಕಿದೆ. ಕುಗ್ಗಿಸುವಾಗ ಮೊದಲು ಹೋಗುವುದೇ ಸಣ್ಣ ಸಣ್ಣ ಗೆರೆ, ಎಳೆ. ಮಲ್ಲಿಗೆ ಮೊಗ್ಗಿನ ಸಂದು, ಜರಿಯ ಮಿಂಚು, ರೆಪ್ಪೆ ಕೂದಲು. ಬಣ್ಣ ಹೋಗುವುದಿಲ್ಲ, ಆಕಾರ ಹೋಗುವುದಿಲ್ಲ. ಅದಕ್ಕೇ ಫೋನಿನಲ್ಲಿ ಏನೂ ಕಳೆದ ಹಾಗೆ ಅನಿಸಲಿಲ್ಲ.

ಎರಡನೇ ಪೆಟ್ಟು ಮಿರರ್. ಮಿರರ್ ಮಾಡಿದಾಗ ಫೋಟೊ ಹೋಗುವುದಿಲ್ಲ. ನಿಮ್ಮ ಫೋನಿನ ತೆರೆ ವಿಡಿಯೊ ಆಗಿ ಹೋಗುತ್ತದೆ. ಸಾಮಾನ್ಯವಾಗಿ ಫುಲ್ ಎಚ್‌ಡಿ ವಿಡಿಯೊ, ಅಂದರೆ 1920 x 1080. ನಿಮ್ಮ ಫೋನಿನ ತೆರೆ ಉದ್ದ ಜಾಸ್ತಿ ಅಲ್ವಾ, 2400 x 1080 ಇರಬೇಕು. ಅದನ್ನು ಅಡ್ಡಕ್ಕೆ 1920ರಲ್ಲಿ ಕೂರಿಸಿದರೆ ಎತ್ತರ 864 ಆಗುತ್ತದೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದದ್ದು ಅದಕ್ಕೇ. ಅದರೊಳಗೆ ನಿಮ್ಮ ಫೋಟೊಗೆ ಸಿಕ್ಕಿದ್ದು 1152 x 864 ಜಾಗ. ಅದನ್ನು ಟಿವಿ ಅಡ್ಡ ಉದ್ದ ಎರಡೆರಡು ಪಟ್ಟು ಹಿಗ್ಗಿಸಿ ತೋರಿಸಿತು. ಮೇಲಿಂದ ವೈಫೈಯಲ್ಲಿ ಹೋಗುವ ವಿಡಿಯೊ ಬೇರೆ, ಅಲ್ಲಿ ಇನ್ನೊಂದು ಸಲ ಒತ್ತುತ್ತಾರೆ.

ನೆನಪಿಡಿ, ಇಂಥ ಅಡ್ಡ ಫೋಟೊ ಟಿವಿಗೆ ನೇರವಾಗಿ ಹೋದರೆ ಕಪ್ಪು ಪಟ್ಟಿ ಎಡ ಬಲ ಮಾತ್ರ ಬರಬೇಕು. ನಾಲ್ಕೂ ಕಡೆ ಬಂದರೆ ನೀವು ನೋಡುತ್ತಿರುವುದು ಫೋನಿನ ತೆರೆಯ ವಿಡಿಯೊ.

ಉಡುಪಿ_ಸ್ಟುಡಿಯೊ
ಸರಿಯಾಗಿ ಹೇಳಿದಿರಿ ಮಾರಾಯ್ರೆ. ನಮ್ಮ ಸ್ಟುಡಿಯೊಕ್ಕೆ ದಿನಾ ಜನ ಬರುತ್ತಾರೆ, "ಇದನ್ನು ದೊಡ್ಡ ಫ್ರೇಮ್ ಮಾಡಿ ಕೊಡಿ" ಅಂತ. ನೋಡಿದರೆ ಗ್ರೂಪಿಂದ ಗ್ರೂಪಿಗೆ ದಾಟಿ ಬಂದ ಫೋಟೊ. ಒರಿಜಿನಲ್ ಕೊಡಿ ಅಂದರೆ "ಇದೇ ಒರಿಜಿನಲ್, ಫೋನಿನಲ್ಲಿ ಎಷ್ಟು ಕ್ಲಿಯರ್ ಉಂಟು ನೋಡಿ" ಅಂತ ನಮಗೇ ಜೋರು ಮಾಡುತ್ತಾರೆ. ನಾನು ಮಾತಾಡುವುದಿಲ್ಲ. ಅವರ ಫೋನು ತೆಗೆದುಕೊಂಡು ಎರಡು ಬೆರಳಿನಲ್ಲಿ ಹಿಗ್ಗಿಸಿ ಮುಖ ತೋರಿಸುತ್ತೇನೆ. ಆಗ ಸುಮ್ಮನಾಗುತ್ತಾರೆ.

ಆದರೆ ಒಂದು ತಕರಾರು. ಎಲ್ಲವನ್ನೂ ಆ್ಯಪ್ ತಲೆಗೆ ಕಟ್ಟಬೇಡಿ. ಛತ್ರದ ಒಳಗೆ, ಸಂಜೆ ಹೊತ್ತು ಫೋನಿನಲ್ಲಿ ತೆಗೆದ ಫೋಟೊ ಅರ್ಧಕ್ಕರ್ಧ ಹುಟ್ಟುವಾಗಲೇ ಮಸಕು. ಒರಿಜಿನಲ್ ತಂದರೂ ಅವು ಸರಿಯಾಗುವುದಿಲ್ಲ.

ಪೇಡೆ_ಪ್ರಿಯ
ಒಂದು ನಿಮಿಷ. @ಪ್ಯಾನೆಲ್_ರಿಪೇರಿ ಸರ್, ನಿಮ್ಮದೇ ಲೆಕ್ಕ ಹಾಕಿ ನೋಡಿದೆ. 1600 ಚುಕ್ಕಿಯ ಫೋಟೊವನ್ನು ಟಿವಿಗೆ ನೇರ ಹಾಕಿದರೆ ಕಣ್ಣಿಗೆ ನಾಲ್ಕೂವರೆ ಇಂಚು ಅಂದಿರಿ. ಅಂದರೆ ಇಂಚಿಗೆ 355. ಫೋನಿನ 400ಕ್ಕೆ ತೀರಾ ಹತ್ತಿರ! ಹಾಗಾದರೆ ಗ್ರೂಪಿನ ಫೋಟೊನೂ ಸೋಫಾದಿಂದ ಚೆನ್ನಾಗೇ ಕಾಣಬೇಕಲ್ಲ? ಈಗ ಯಾರು ತಪ್ಪು?

ಪ್ಯಾನೆಲ್_ರಿಪೇರಿ
ಭೇಷ್. ನೀವು ಹೇಳಿದ್ದು ಸರಿ. ಬರೀ ಚುಕ್ಕಿಗಳ ಎಣಿಕೆ ನೋಡಿದರೆ ಎಂಟು ಅಡಿಯಿಂದ 1600 ಸಾಕಾಗಬೇಕು. ಒಳ್ಳೆ ಕ್ಯಾಮೆರಾದಿಂದ ಚೊಕ್ಕವಾಗಿ 1600ಕ್ಕೆ ಇಳಿಸಿದ ಫೋಟೊ ಹಾಕಿ ನೋಡಿ, ದೊಡ್ಡಪ್ಪ ಏನೂ ಹೇಳುವುದಿಲ್ಲ. ಇಲ್ಲಿ ತಪ್ಪು ಎಣಿಕೆಯದ್ದಲ್ಲ, ಒಂದೊಂದು ಚುಕ್ಕಿಯಲ್ಲಿ ಉಳಿದಿರುವ ಸರಕಿನದ್ದು. ಒತ್ತಿ ಒತ್ತಿ 190 ಕೆಬಿ ಮಾಡಿದ್ದಾರೆ, ಮತ್ತೆ ಮಿರರಿನಲ್ಲಿ ಒತ್ತಿದ್ದಾರೆ.

ಫೋನಿನಲ್ಲಿ ಇದು ಯಾಕೆ ಕಾಣಲಿಲ್ಲ ಅಂದರೆ, ನೆಟ್ಟಗೆ ಹಿಡಿದ ಫೋನಿನ ಅಗಲ 1080 ಚುಕ್ಕಿ. 1600ರ ಫೋಟೊವನ್ನೂ ಅದು ಇನ್ನಷ್ಟು ಕುಗ್ಗಿಸಿಯೇ ತೋರಿಸುತ್ತದೆ. ಕುಗ್ಗಿಸಿದಾಗ ಅಕ್ಕಪಕ್ಕದ ಚುಕ್ಕಿಗಳು ಬೆರೆತು, ಒತ್ತಿದ್ದರಿಂದ ಫೋಟೊದಲ್ಲಿ ಉಳಿದ ಕೊಳೆ ಮುಚ್ಚಿಹೋಗುತ್ತದೆ. ಟಿವಿ ಉಲ್ಟಾ ಕೆಲಸ ಮಾಡುತ್ತದೆ. ಹಿಗ್ಗಿಸುತ್ತದೆ, ಕೊಳೆಯೂ ಹಿಗ್ಗುತ್ತದೆ.

ಇನ್ನೊಂದು, ಫೋಟೊ ನೋಡುವಾಗ ಯಾರು ಸೋಫಾದಲ್ಲಿ ಕೂರುತ್ತಾರೆ? "ಈ ಹಸಿರು ಸೀರೆಯವಳು ಯಾರೇ?" ಅಂತ ಎದ್ದು ಹೋಗಿ ಟಿವಿಯ ಮೇಲೆ ಬೆರಳಿಡುತ್ತಾರೆ. ಮೂರಡಿಯಿಂದ ನೋಡಿದರೆ ಲೆಕ್ಕವೇ ಬೇರೆ.

ಬೆಣ್ಣೆದೋಸೆ_ಅಕ್ಕ
ದೊಡ್ಡಮ್ಮ ಬೆರಳಿಟ್ಟ ಗುರುತು ಇನ್ನೂ ಟಿವಿ ಮೇಲೆ ಇದೆ 😂

ಗೇಮಿಂಗ್_ಗುರು
ಇಷ್ಟೆಲ್ಲ ಯಾಕೆ? ಟಿವಿ ಸೆಟ್ಟಿಂಗಿನಲ್ಲಿ `Sharpness` 100ಕ್ಕೆ ಇಡಿ. ಮುಗೀತು. ನಾನು ಇಟ್ಟಿದ್ದೇನೆ, ಬೆಂಕಿ.

ಉಡುಪಿ_ಸ್ಟುಡಿಯೊ
ಬೆಂಕಿಯೇ ಹೌದು. ಸುಟ್ಟು ಹೋಗುತ್ತದೆ. ಹೋದ ವಿವರವನ್ನು ಆ ಸೆಟ್ಟಿಂಗ್ ಎಲ್ಲಿಂದ ತರುತ್ತದೆ? ಅಂಚುಗಳ ಸುತ್ತ ಬಿಳಿ ಗೆರೆ ಎಳೆಯುತ್ತದೆ ಅಷ್ಟೆ. ಬಿಳಿ ಪಂಚೆ ಉಟ್ಟವರು ಕಪ್ಪು ಬಾಗಿಲ ಮುಂದೆ ನಿಂತ ಫೋಟೊ ಹಾಕಿ ನೋಡಿ, ಸುತ್ತ ಟ್ಯೂಬ್‌ಲೈಟ್ ಕಟ್ಟಿದ ಹಾಗೆ ಕಾಣುತ್ತಾರೆ. ಒತ್ತಿದ ಫೋಟೊ ಆದರೆ ಅದರ ಕೊಳೆಯನ್ನೂ ಎದ್ದು ಕಾಣಿಸುತ್ತದೆ.

ಗೇಮಿಂಗ್_ಗುರು
ನನಗೆ ಚೆನ್ನಾಗೇ ಕಾಣುತ್ತದೆ. ಅವರವರ ಕಣ್ಣು.

ಹಳೇ_ಆಲ್ಬಮ್
ನಾನು ನಿವೃತ್ತ ಮೇಷ್ಟ್ರು. ನನ್ನದೂ ಒಂದು ಪ್ರಶ್ನೆ ಸೇರಿಸಬಹುದೇ? ನಮ್ಮ ಮದುವೆಯ ಕಪ್ಪು ಬಿಳುಪು ಫೋಟೊಗಳಿವೆ, ಅಂಗೈಯಗಲದವು. ಮೊಮ್ಮಗ ಫೋನಿನಲ್ಲಿ ಅವುಗಳ ಫೋಟೊ ತೆಗೆದು ಟಿವಿಗೆ ಹಾಕಿದ. ಕೈಯಲ್ಲಿ ಹಿಡಿದು ನೋಡಿದರೆ ಅಮ್ಮನ ಮೂಗುತಿ ಕಾಣುತ್ತದೆ, ಟಿವಿಯಲ್ಲಿ ಕಾಣುವುದಿಲ್ಲ. ಇದೂ ಅದೇ ಕಾರಣವೇ?

ಉಡುಪಿ_ಸ್ಟುಡಿಯೊ
ಮೇಷ್ಟ್ರೆ, ನಿಮ್ಮದು ಸ್ವಲ್ಪ ಬೇರೆ. ಹಳೇ ಫೋಟೊದ ಫೋಟೊ ತೆಗೆಯುವಾಗ ಫೋನು ತುಂಬಾ ಹತ್ತಿರ ಹೋದರೆ ಫೋಕಸ್ ಆಗುವುದಿಲ್ಲ, ಮತ್ತೆ ಹೊಳಪು ಕಾಗದದ ಮೇಲೆ ಬೆಳಕು ಬಿದ್ದು ವಿವರ ತೊಳೆದುಹೋಗುತ್ತದೆ. ಹತ್ತಿರದ ಸ್ಟುಡಿಯೊದಲ್ಲಿ ಸ್ಕ್ಯಾನ್ ಮಾಡಿಸಿ. ಇಂಚಿಗೆ 600 ಅಂತ ಹೇಳಿ ಮಾಡಿಸಿ. ನಾಲ್ಕು ಇಂಟು ಆರು ಇಂಚಿನ ಫೋಟೊ ಆದರೆ 2400 x 3600 ಬರುತ್ತದೆ, ಟಿವಿಯ ಎತ್ತರಕ್ಕೆ ಸಾಕು. ನೆಗೆಟಿವ್ ಇಟ್ಟಿದ್ದರೆ ಅದನ್ನೇ ಕೊಡಿ, ಇನ್ನೂ ಒಳ್ಳೆಯದು.

ಹಳೇ_ಆಲ್ಬಮ್
ನೆಗೆಟಿವ್ ಗೆದ್ದಲು ತಿಂದವು. ಸ್ಕ್ಯಾನ್ ಮಾಡಿಸುತ್ತೇನೆ. ಧನ್ಯವಾದ.

ಬೆಣ್ಣೆದೋಸೆ_ಅಕ್ಕ
ಅಪ್ಡೇಟ್! ಭಾವನಿಗೆ ಹೇಳಿ ಆರು ಫೋಟೊ ಮತ್ತೆ ತರಿಸಿದೆ. ಈ ಸಲ ಫೋಟೊ ಅಂತ ಕಳಿಸದೆ `Document` ಅಂತ ಆರಿಸಿ ಕಳಿಸಿದರು. ವಿವರ ನೋಡಿದೆ, 4000 x 3000, 3.8 ಎಂಬಿ, ಹಾಗೇ ಬಂದಿದೆ. ಪೆನ್‌ಡ್ರೈವಿಗೆ ಹಾಕಿ ಟಿವಿಯ ಹಿಂದೆ ಚುಚ್ಚಿದೆ. ಕಪ್ಪು ಪಟ್ಟಿ ಎಡ ಬಲ ಮಾತ್ರ 👍

ನಾಲ್ಕು ಫೋಟೊ ಅದ್ಭುತ. ಮಲ್ಲಿಗೆ ಮೊಗ್ಗು ಎಣಿಸಬಹುದು. ಬಳೆ ತೊಡಿಸುವ ಫೋಟೊದಲ್ಲಿ ಬಳೆಯ ಮೇಲಿನ ಚುಕ್ಕಿಯೂ ಕಾಣುತ್ತದೆ. ಅಪ್ಪ ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿಯೇಬಿಟ್ಟರು.

ಆದರೆ ಎರಡು ಫೋಟೊ ಇನ್ನೂ ಮಸಕು. ಒಂದು ಆರತಿ ಮಾಡುವುದು, ಇನ್ನೊಂದು ಎಲ್ಲರೂ ನಿಂತ ಗ್ರೂಪ್ ಫೋಟೊ. ಎರಡೂ ಒರಿಜಿನಲ್ಲೇ. ಇವಕ್ಕೇನಾಯಿತು?

ಉಡುಪಿ_ಸ್ಟುಡಿಯೊ
ನಾನು ಹೇಳಿದ್ದೆನಲ್ಲ. ಆರತಿ ಫೋಟೊದಲ್ಲಿ ದೀಪದ ಕುಡಿ, ಹಿಂದಿನ ಸೀರಿಯಲ್ ಲೈಟು ಹೇಗೆ ಕಾಣುತ್ತವೆ ನೋಡಿ. ಎಲ್ಲವೂ ಒಂದೇ ದಿಕ್ಕಿಗೆ ಸಣ್ಣ ಗೆರೆಯ ಹಾಗೆ ಎಳೆದಿದ್ದರೆ ತೆಗೆದವರ ಕೈ ಅಲುಗಿದೆ. ಲೈಟು ಚುಕ್ಕಿಯಾಗೇ ಇದ್ದು ಕೈ, ಮುಖ ಮಾತ್ರ ಕದಡಿದ್ದರೆ ಆರತಿ ಎತ್ತುವವರು ಅಲುಗಿದ್ದಾರೆ. ಗ್ರೂಪ್ ಫೋಟೊದಲ್ಲಿ ಹಿಂದಿನ ಗೋಡೆಯ ಬ್ಯಾನರ್ ಅಕ್ಷರ ಸ್ಪಷ್ಟ ಇದ್ದು ಮುಖಗಳು ಮಸಕಾಗಿದ್ದರೆ ಫೋಕಸ್ ಹಿಂದೆ ಕೂತಿದೆ.

ವಿವರದಲ್ಲಿ ಶಟರ್ ಹೊತ್ತೂ ಇರುತ್ತದೆ. ಎಷ್ಟಿದೆ?

ಬೆಣ್ಣೆದೋಸೆ_ಅಕ್ಕ
ಆರತಿಯದ್ದು 1/15 ಅಂತ ಇದೆ. ಲೈಟುಗಳು ಚುಕ್ಕಿಯಾಗೇ ಇವೆ, ಅತ್ತೆಯ ಕೈ ಮತ್ತು ತಟ್ಟೆ ಮಾತ್ರ ಎರಡೆರಡು ಇದ್ದ ಹಾಗೆ. ಗ್ರೂಪ್ ಫೋಟೊದ ವಿಷಯ ನೀವು ನೋಡಿದವರ ಹಾಗೆ ಹೇಳಿದಿರಿ. ಹಿಂದೆ "ಸುಸ್ವಾಗತ" ಅಂತ ಥರ್ಮಾಕೋಲ್ ಅಕ್ಷರ ಪಕ್ಕಾ ಇದೆ, ಮುಂದೆ ನಿಂತವರು ಮಂಜಿನಲ್ಲಿದ್ದಾರೆ.

ಉಡುಪಿ_ಸ್ಟುಡಿಯೊ
1/15 ಸೆಕೆಂಡು ಅಂದರೆ ಆರತಿ ತಟ್ಟೆ ತಿರುಗಿಸುವವರಿಗೆ ಜಾಸ್ತಿ ಹೊತ್ತು. ಫೋನುಗಳು ಕತ್ತಲಲ್ಲಿ ಬೆಳಕು ಸಾಲದೆ ಹೀಗೆ ಮಾಡುತ್ತವೆ. ಅಲ್ಲಿಯೇ ಮುಖದ ಮೇಲಿನ ಕಾಳುಕಾಳನ್ನೂ ಒರೆಸಿ ನಯ ಮಾಡುತ್ತವೆ. ಫೋನಿನ ತೆರೆಯಲ್ಲಿ ಅದು ಒಳ್ಳೇ ಮೈಬಣ್ಣ, ಟಿವಿಯಲ್ಲಿ ಮೇಣದ ಬೊಂಬೆ.

ಪೇಡೆ_ಪ್ರಿಯ
ಆದರೆ ಈ ಎರಡೂ ಫೋನಿನಲ್ಲಿ ಚೆನ್ನಾಗಿ ಕಂಡವಲ್ಲ, ಅದು ಹೇಗೆ?

ಪ್ಯಾನೆಲ್_ರಿಪೇರಿ
ಮತ್ತೆ ಅದೇ ಕುಗ್ಗಿಸುವ ಆಟ. ಅಲುಗಿದ್ದರಿಂದ ಅಂಚು ನಾಲ್ಕು ಚುಕ್ಕಿ ಅಗಲಕ್ಕೆ ಹರಡಿದೆ ಅಂದುಕೊಳ್ಳಿ. 4000ವನ್ನು ಫೋನು 1080ಕ್ಕೆ ಇಳಿಸಿತು, ನಾಲ್ಕು ಚುಕ್ಕಿ ಒಂದಾಯಿತು. ಒಂದೇ ಚುಕ್ಕಿಯಲ್ಲಿ ಮಸಕು ಎಲ್ಲಿ ಕಾಣಬೇಕು? ಟಿವಿಯಲ್ಲಿ ಅದೇ ಫೋಟೊಗೆ 2880 ಚುಕ್ಕಿ ಅಗಲ. ನಾಲ್ಕು ಹೆಚ್ಚುಕಡಿಮೆ ಮೂರಾಗಿ ಉಳಿಯಿತು. ಕಂಡಿತು.

ಅಕ್ಕ, ಇನ್ನು ಮೇಲೆ ಟಿವಿಗೆ ಹಾಕುವ ಮೊದಲು ಫೋನಿನಲ್ಲೇ ಪರೀಕ್ಷೆ ಮಾಡಿ. ಫೋಟೊದ ಅಗಲದ ಮೂರನೇ ಒಂದು ಭಾಗ ತೆರೆ ತುಂಬುವಷ್ಟು ಹಿಗ್ಗಿಸಿ. ಹೆಚ್ಚುಕಡಿಮೆ ಟಿವಿ ತೋರಿಸುವ ವಿವರ ಅಷ್ಟೇ. ಅಲ್ಲಿ ರೆಪ್ಪೆ, ಜರಿ ಬಿಡಿಬಿಡಿಯಾಗಿ ಕಂಡರೆ ಟಿವಿಯಲ್ಲೂ ಕಾಣಬೇಕು. ಫೋನಿನಲ್ಲಿ ಹಿಗ್ಗಿಸಿದಾಗ ಸರಿ ಇದ್ದು ಟಿವಿಯಲ್ಲಿ ಮಾತ್ರ ಮಸಕಾದರೆ ಆಗ ಕಳಿಸಿದ ದಾರಿಯನ್ನೋ ಟಿವಿಯನ್ನೋ ಅನುಮಾನಿಸಿ.

ಮೈಸೂರ್_ಮಂಜ
`HD` ಅಂತ ಒಂದು ಬಟನ್ ಇದೆಯಲ್ಲ, ಅದನ್ನು ಒತ್ತಿ ಕಳಿಸಿದರೆ ಸಾಲದಾ? ಡಾಕ್ಯುಮೆಂಟ್ ಅಂತ ಕಳಿಸಿದರೆ ನಮ್ಮ ಅಮ್ಮ ತೆರೆಯೋದೇ ಇಲ್ಲ, ಬ್ಯಾಂಕಿನದ್ದು ಅಂದುಕೊಳ್ಳುತ್ತಾರೆ.

ಪ್ಯಾನೆಲ್_ರಿಪೇರಿ
ಟಿವಿಗೆ ಬಹಳ ಸಲ ಸಾಕು. ಅದರಲ್ಲೂ ಒತ್ತುತ್ತಾರೆ, ಆದರೆ ಕಡಿಮೆ. ದೊಡ್ಡ ಪ್ರಿಂಟ್ ಹಾಕಿಸುವುದಿದ್ದರೆ ಡಾಕ್ಯುಮೆಂಟೇ ಕಳಿಸಿ.

ಟಿವಿ_ತಿಮ್ಮ
ಇಲ್ಲಿ ಯಾರೂ ಹೇಳದ ವಿಷಯ ಒಂದಿದೆ. ಪೆನ್‌ಡ್ರೈವ್ ಹಾಕಿದರೂ ಕೆಲವು ಟಿವಿಗಳಲ್ಲಿ ಫೋಟೊ ತೋರಿಸುವ ಆ್ಯಪ್ ಫುಲ್ ಎಚ್‌ಡಿಯಲ್ಲೇ ಕೆಲಸ ಮಾಡುತ್ತದೆ. ಪ್ಯಾನೆಲ್ 4ಕೆ, ಆದರೆ ಫೋಟೊವನ್ನು 1080ಕ್ಕೆ ಇಳಿಸಿ ಮತ್ತೆ ಹಿಗ್ಗಿಸುತ್ತದೆ. ಸಿನಿಮಾಕ್ಕೆ ಬೇರೆ ದಾರಿ, ಅದು ಪೂರ್ತಿ 4ಕೆಯಲ್ಲಿ ಬರುತ್ತದೆ. ಪರೀಕ್ಷೆ ಮಾಡುವುದು ಸುಲಭ. ಕಂಪ್ಯೂಟರಿನಲ್ಲಿ ಇಮೇಜ್‌ಮ್ಯಾಜಿಕ್ ಇದ್ದರೆ ಇದನ್ನು ಓಡಿಸಿ:

```
magick -size 3840x2160 pattern:gray50 test.png
```

ಒಂದೊಂದೇ ಕಪ್ಪು, ಬಿಳಿ ಚುಕ್ಕಿಯ ಚದುರಂಗದ ಹಾಸು ಬರುತ್ತದೆ. ಪೆನ್‌ಡ್ರೈವಿಗೆ ಹಾಕಿ ಟಿವಿಯಲ್ಲಿ ತೆರೆದು ಒಂದು ಗೇಣು ಹತ್ತಿರದಿಂದ ನೋಡಿ. ಸಣ್ಣ ಚುಕ್ಕಿಗಳು ಬಿಡಿಬಿಡಿಯಾಗಿ ಕಂಡರೆ ಪೂರ್ತಿ 4ಕೆ. ಬರೀ ಬೂದಿ ಬಣ್ಣ ಬಳಿದ ಹಾಗಿದ್ದರೆ ಮಧ್ಯದಲ್ಲಿ ಇಳಿಸಿದ್ದಾರೆ. ಅಲೆ ಅಲೆ ಕಂಡರೆ ಟಿವಿ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚು ಕತ್ತರಿಸುತ್ತಿದೆ. ಆಗ ಪಿಕ್ಚರ್ ಸೈಜ್ ಸೆಟ್ಟಿಂಗಿನಲ್ಲಿ `Just Scan` ಅಥವಾ `Screen Fit` ಅಂತ ಇದ್ದರೆ ಆನ್ ಮಾಡಿ.

ಸುಮ್ನೆ_ಬಂದೆ
ಸೀಮಂತದ ಫೋಟೊ ನೋಡೋಕೆ ಕೋಡ್ ಬರೆಯೋ ಕಾಲ ಬಂತು.

ಬೆಣ್ಣೆದೋಸೆ_ಅಕ್ಕ
ತಮ್ಮನ ಲ್ಯಾಪ್‌ಟಾಪಿನಲ್ಲಿ ಮಾಡಿಸಿದೆ. ಬರೀ ಬೂದಿ ಬಣ್ಣ! ಅಂದರೆ ಅಷ್ಟು ಚೆನ್ನಾಗಿ ಕಂಡ ನಾಲ್ಕು ಫೋಟೊನೂ ಫುಲ್ ಎಚ್‌ಡಿಯಲ್ಲೇ ನೋಡಿದ್ದಾ ನಾವು?

ಟಿವಿ_ತಿಮ್ಮ
ಹೌದು ಅಕ್ಕ. ಬೇರೆ ಗ್ಯಾಲರಿ ಆ್ಯಪ್ ಹಾಕಿ ನೋಡಿ. ಇಲ್ಲವೆಂದರೆ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಕೇಬಲ್ ಹಾಕಿ, ಡಿಸ್‌ಪ್ಲೇಯನ್ನು 3840 x 2160ಕ್ಕೆ ಇಟ್ಟು ನೋಡಿ.

ಪ್ಯಾನೆಲ್_ರಿಪೇರಿ
ಎಂಟು ಅಡಿಯಿಂದ ಆ ವ್ಯತ್ಯಾಸ ಹುಡುಕುವುದು ಕಷ್ಟ. ನಾನಾದರೆ ಕೇಬಲ್ ಹುಡುಕುವ ತಲೆನೋವು ಮಾಡಿಕೊಳ್ಳುವುದಿಲ್ಲ.

ಟಿವಿ_ತಿಮ್ಮ
ಒಪ್ಪಲ್ಲ ಸರ್. ಜರಿ ಸೀರೆಯಲ್ಲಿ ನನಗೆ ಗೊತ್ತಾಗುತ್ತದೆ. ನೋಡಿದವರಿಗೆ ಗೊತ್ತು.

ಪ್ಯಾನೆಲ್_ರಿಪೇರಿ
ಯಾವುದು ಯಾವುದೆಂದು ಹೇಳದೆ ಎರಡನ್ನೂ ಹಾಕಿಸಿ, ಸೋಫಾದಲ್ಲಿ ಕೂತು ಹೇಳಿ ನೋಡೋಣ.

ಬೆಣ್ಣೆದೋಸೆ_ಅಕ್ಕ
ಭಾನುವಾರ ಕೇಬಲ್ ತರುತ್ತೇನೆ, ಅಪ್ಪನನ್ನೇ ಕೂರಿಸಿ ಕೇಳುತ್ತೇನೆ. ಈಗ ಬೇರೆ ಸಮಸ್ಯೆ. ದೊಡ್ಡಮ್ಮ ಫೋನ್ ಮಾಡಿದ್ದರು. ಟಿವಿಯಲ್ಲಿ ಅವರ ಮುಖದ ಸುಕ್ಕೆಲ್ಲ ಕಾಣುತ್ತಿದೆ ಅಂತ ಯಾರೋ ಹೇಳಿದರಂತೆ. "ಮೊದಲಿನ ಫೋಟೊನೇ ಚೆನ್ನಾಗಿತ್ತು, ಅದನ್ನೇ ಹಾಕು" ಅನ್ನುತ್ತಿದ್ದಾರೆ.

ಸುಮ್ನೆ_ಬಂದೆ
ಮಿರರ್ ಮಾಡಿ.